ಅಪ್ಪನ ತೋಟದ ಡೈರಿ: 214 ಫೋಟೋ, ಒಂದು ಪಿಡಿಎಫ್, ಆದ್ರೆ ಹುಡುಕಿದ್ರೆ ಏನೂ ಸಿಗ್ತಿಲ್ಲ

ತೋಟದಮನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ತೋಟದ ಡೈರಿ ಬರೀತಿದ್ರು. 1991, 1992, 1994 ಮೂರು ವರ್ಷದ್ದು ಕೈಗೆ ಸಿಕ್ಕಿದೆ, 93ರದ್ದು ಗೆದ್ದಲು ತಿಂದಿದೆ. ಮಳೆ ಎಷ್ಟು ಇಂಚು ಎಷ್ಟು ಸೆಂಟು, ಯಾವತ್ತು ಬೋರ್ಡೋ ಹೊಡೆದದ್ದು, ಎಷ್ಟು ಆಳು ಬಂದಿದ್ರು, ಮರಗಸಿ ಯಾವಾಗ ಶುರು ಆಯ್ತು, ಎಲ್ಲಾ ಇದೆ. ಪೂರ್ತಿ ಕನ್ನಡದಲ್ಲಿ, ಮೋಡಿ ಥರದ ಅಕ್ಷರ. ಮಳೆ ಲೆಕ್ಕ ಮಾತ್ರ ಕೆಂಪು ಇಂಕಲ್ಲಿ, ಕೆಲವು ಕಡೆ ಪೆನ್ಸಿಲ್.

ನಾನು ಡೈರಿ ಬಿಡಿಸಿಟ್ಟು ಎರಡೆರಡು ಪುಟಕ್ಕೆ ಒಂದರಂತೆ ಫೋನಲ್ಲಿ 214 ಫೋಟೋ ತೆಗೆದೆ. ಒಂದು ಸ್ಕ್ಯಾನರ್ ಆಪ್ ಹಾಕ್ಕೊಂಡು ಪಿಡಿಎಫ್ ಮಾಡಿದೆ. ಅದರಲ್ಲಿ ‘ಹುಡುಕಬಹುದಾದ ಪಿಡಿಎಫ್’ ಅಂತಾನೇ ಇತ್ತು. ಆದ್ರೆ ‘ಬೋರ್ಡೋ’ ಅಂತ ಹುಡುಕಿದ್ರೆ ಸೊನ್ನೆ. ‘ಮಳೆ’ ಅಂದ್ರೂ ಸೊನ್ನೆ. ಮಳೆ ಇಲ್ಲದ ಪುಟಾನೇ ಇಲ್ಲ ಮಾರಾಯ್ರೆ!

ಈಗ ಅಣ್ಣಂಗೆ ಬೇಕಿರೋದು ಒಂದೇ ವಿಷಯ: ಕೆರೆ ಹಿಂದಿನ ರೊಬಸ್ಟಾ ಯಾವ ವರ್ಷ ನೆಟ್ಟದ್ದು. ಅದಕ್ಕೆ ಇಡೀ ಡೈರಿ ಓದೋ ಬದಲು ಹುಡುಕೋ ಹಾಗೆ ಮಾಡಿಬಿಡೋಣ ಅಂತ ಕೂತೆ. ದಾರಿ ಹೇಳಿ.

ಕಡೂರು ತೆಂಗು

ಇದಕ್ಕೆ ತಲೆ ಕೆಡಿಸ್ಕೊಬೇಡಿ ಅಕ್ಕ. ಟೆಸರಾಕ್ಟ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದಕ್ಕೆ ಕನ್ನಡದ ಫೈಲ್ ಹಾಕಿದ್ರೆ ಫೋಟೋದಿಂದ ನೇರ ಪಿಡಿಎಫ್ ಬರುತ್ತೆ, ಹಿಂದೆ ಅಕ್ಷರಾನೂ ಕೂತಿರುತ್ತೆ. ನಾನು ನಮ್ಮೂರ ದೇವಸ್ಥಾನದ ಸ್ಮರಣ ಸಂಚಿಕೆ ಹೀಗೇ ಮಾಡಿದೀನಿ, ಚೆನ್ನಾಗಿ ಬಂತು.

```
tesseract 001.jpg 001 -l kan pdf
```

ತೋಟದಮನೆ

ಥ್ಯಾಂಕ್ಸ್ ಅಣ್ಣ. ಮಗ ಲ್ಯಾಪ್‌ಟಾಪಲ್ಲಿ ಹಾಕಿಕೊಟ್ಟ, ಒಂದು ಪುಟ ಮಾಡಿ ನೋಡಿದೆ. ಹುಡುಕಿದ್ರೆ ಈಗಲೂ ಸಿಗಲ್ಲ. ಪಿಡಿಎಫಲ್ಲಿ ಎಲ್ಲಾ ಆಯ್ಕೆ ಮಾಡಿ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದಾಗ ಗೊತ್ತಾಯ್ತು. ‘ಇವತ್ತು ಬೋರ್ಡೋ 2 ಡ್ರಮ್’ ಅಂತ ಅಪ್ಪ ಬರೆದಿದ್ದ ಜಾಗದಲ್ಲಿ ‘ಇನತು ಬೂಡೂ, ೨ ಡ ಮ|’ ಥರ ಏನೋ ಬಂದಿದೆ. ಮಿಕ್ಕ ಸಾಲುಗಳಲ್ಲಿ ಅಷ್ಟೂ ಇಲ್ಲ, ಬರೀ ಚುಕ್ಕಿ ಅಡ್ಡಗೆರೆ.

ಬೇಲೂರು ಟರ್ಮಿನಲ್

ಕಡೂರಿನವರು ಹೇಳಿದ್ದು ಅರ್ಧ ಸರಿ. ಸ್ಮರಣ ಸಂಚಿಕೆ ಅಚ್ಚಾದದ್ದು, ಅದಕ್ಕೇ ಚೆನ್ನಾಗಿ ಬಂತು. ಆ ಕನ್ನಡ ಫೈಲ್ ಕಲಿತಿರೋದು ಅಚ್ಚಿನ ಅಕ್ಷರಾನ, ಕೈಬರಹಾನ ಅಲ್ಲ. ಅಚ್ಚಿನಲ್ಲಿ ಒತ್ತು ತನ್ನ ಜಾಗದಲ್ಲಿ ಕೂತಿರುತ್ತೆ, ಸಾಲು ನೆಟ್ಟಗಿರುತ್ತೆ. ಡೈರಿಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗ್ತಿರುತ್ತೆ. ಅದು ಎರಡನ್ನೂ ಸೇರಿಸಿ ಯಾವುದೋ ಒಂದು ಅಕ್ಷರ ಅಂದುಕೊಳ್ಳುತ್ತೆ.

ಮೇಡಂ, ನೀವು ಕಾಪಿ ಮಾಡಿ ಅಂಟಿಸಿ ನೋಡಿದ್ರಲ್ಲ, ಅದೇ ಸರಿಯಾದ ಪರೀಕ್ಷೆ. ಹುಡುಕಬಹುದಾದ ಪಿಡಿಎಫ್ ಅಂದ್ರೆ ಮುಂದೆ ಫೋಟೋ, ಅದರ ಜೊತೆ ಕಣ್ಣಿಗೆ ಕಾಣದ ಅಕ್ಷರ, ಅಷ್ಟೇ. ಕಂಪ್ಯೂಟರ್ ಹುಡುಕೋದು ಫೋಟೋದಲ್ಲಿ ಅಲ್ಲ, ಆ ಕಾಣದ ಅಕ್ಷರದಲ್ಲಿ. ಅಲ್ಲಿ ‘ಬೂಡೂ’ ಕೂತಿದ್ರೆ ‘ಬೋರ್ಡೋ’ ಹ್ಯಾಗೆ ಸಿಗುತ್ತೆ? ಆಪ್ ‘ಹುಡುಕಬಹುದಾದ’ ಅಂತ ಬರೆದದ್ದು ಸುಳ್ಳಲ್ಲ. ಅದು ಏನು ಓದ್ತೋ ಅದನ್ನ ಹುಡುಕಬಹುದು.

ಹಾಸನ ಡಿಟಿಪಿ

ಮೇಡಂ ನಮ್ಮಲ್ಲಿ ಟೈಪ್ ಮಾಡಿಕೊಡ್ತೀವಿ. ನುಡಿಯಲ್ಲಿ ನೀಟಾಗಿ ಟೈಪ್ ಮಾಡಿ, ಬಾರ್ಡರ್ ಹಾಕಿ, ಸ್ಪೈರಲ್ ಬೈಂಡಿಂಗೂ ಮಾಡಿಕೊಡ್ತೀವಿ. ಪುಟ ಎಷ್ಟಿದೆ ಹೇಳಿ, ಮದುವೆ ಸೀಸನ್ ಮುಗಿದ ಮೇಲೆ ಕೊಡಬಹುದು.

ತೋಟದಮನೆ

ಸರ್, ನಂಗೆ ಪುಸ್ತಕ ಬೇಡ. ಅಪ್ಪನ ಅಕ್ಷರಾನೇ ಕಾಣಬೇಕು, ಹುಡುಕಿದ್ರೆ ಆ ಪುಟಕ್ಕೆ ಹೋಗಬೇಕು ಅಷ್ಟೆ.

ಬೇಲೂರು ಟರ್ಮಿನಲ್

ಡಿಟಿಪಿಯವರಿಗೆ ಒಂದು ಮಾತು: ಟೈಪ್ ಮಾಡಿಸೋರು ಯಾರೇ ಆಗಲಿ, ನುಡಿಯಲ್ಲಿ ಯೂನಿಕೋಡ್ ಆಯ್ಕೆ ಹಾಕ್ಕೊಂಡೇ ಮಾಡಿಸಬೇಕು. ಹಳೇ ಥರ ಮಾಡಿದ್ರೆ ಪರದೆ ಮೇಲೆ ಕನ್ನಡ ಕಾಣುತ್ತೆ, ಒಳಗಡೆ ಇರೋದು ಇಂಗ್ಲಿಷ್ ಚಿಹ್ನೆಗಳು. ಫೋನಲ್ಲಿ ‘ಮಳೆ’ ಅಂತ ಹೊಡೆದು ಹುಡುಕಿದ್ರೆ ಈ ಜನ್ಮದಲ್ಲಿ ಸಿಗಲ್ಲ.

ಪಿಯು ಮೇಷ್ಟ್ರು

ನನ್ನ ಮಗಳು ಬಯಾಲಜಿ ನೋಟ್ಸನ್ನ ಫೋನಿನ ಆಪಲ್ಲೇ ಪಿಡಿಎಫ್ ಮಾಡ್ತಾಳೆ, ‘mitochondria’ ಅಂತ ಹುಡುಕಿದ್ರೆ ಸಿಗುತ್ತಲ್ಲ? ನಿಮ್ಮ ಆಪೇ ಸರಿ ಇಲ್ಲ ಅನ್ಸುತ್ತೆ.

ಬೇಲೂರು ಟರ್ಮಿನಲ್

ಮೇಷ್ಟ್ರೇ, ಬಿಡಿಬಿಡಿಯಾಗಿ ಬರೆದ ಇಂಗ್ಲಿಷನ್ನ ಆಪ್‌ಗಳು ಸುಮಾರಾಗಿ ಓದ್ತವೆ. ಕನ್ನಡ ಕೈಬರಹಕ್ಕೆ ಗೂಗಲ್ ಡ್ರೈವಲ್ಲಿ ಫೋಟೋ ಹಾಕಿ ಡಾಕ್ಸ್‌ನಲ್ಲಿ ತೆರೆದ್ರೆ ಟೆಸರಾಕ್ಟ್‌ಗಿಂತ ವಾಸಿ. ಆದ್ರೆ ಬಂದ ಅಕ್ಷರ ಡಾಕ್ಸ್ ಕಡತದಲ್ಲಿ ಫೋಟೋ ಕೆಳಗೆ ಉಳಿಯುತ್ತೆ, ಡೈರಿ ಪುಟದ ಜೊತೆ ಪಿಡಿಎಫಲ್ಲಿ ಕೂರಲ್ಲ. ಅದೂ 30 ವರ್ಷದ ಹಿಂದಿನ ಮೋಡಿ ಅಕ್ಷರಕ್ಕೆ ತಿದ್ದೋ ಕೆಲಸಾನೇ ಜಾಸ್ತಿ ಆಗುತ್ತೆ.

ತೋಟದಮನೆಯವರಿಗೆ ನಾನು ಬೇರೆ ದಾರಿ ಹೇಳ್ತೀನಿ. ಕಂಪ್ಯೂಟರಿಗೆ ಓದಿಸೋದನ್ನೇ ಬಿಟ್ಟುಬಿಡಿ. ಓದೋದು ನೀವು. ಒಂದೊಂದು ಪುಟಕ್ಕೆ ಐದಾರು ಪದ ಮಾತ್ರ ಟೈಪ್ ಮಾಡಿ, ಆ ಪದಗಳನ್ನ ಕಾಣದ ಅಕ್ಷರವಾಗಿ ಅದೇ ಪುಟದಲ್ಲಿ ಕೂರಿಸಿಬಿಡೋಣ. ನೀವು ಏನನ್ನ ಹುಡುಕ್ತೀರಿ ಅಂತ ನಿಮಗೆ ಗೊತ್ತಲ್ಲ: ಮಳೆ, ಬೋರ್ಡೋ, ಮರಗಸಿ, ನಾಟಿ, ಗೊಬ್ಬರ. ‘ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ’ ಅನ್ನೋದನ್ನ ಯಾರೂ ಹುಡುಕಲ್ಲ.

ಅದಕ್ಕೆ ಮುಂಚೆ ಒಂದು ಪ್ರಶ್ನೆ. ಫೋಟೋ ಲ್ಯಾಪ್‌ಟಾಪಿಗೆ ಹ್ಯಾಗೆ ಹಾಕಿದ್ರಿ?

ತೋಟದಮನೆ

ವಾಟ್ಸಾಪಲ್ಲಿ ಮಗಂಗೆ ಕಳಿಸಿದೆ.

ಬೇಲೂರು ಟರ್ಮಿನಲ್

ಅಂದುಕೊಂಡೆ. ಫೋಟೋ ಅಂತ ಕಳಿಸಿದ್ರೆ ವಾಟ್ಸಾಪ್ ಉದ್ದನೆ ಬದಿಯನ್ನ ಸುಮಾರು 1600 ಪಿಕ್ಸೆಲ್‌ಗೆ ಇಳಿಸಿಬಿಡುತ್ತೆ. ನಿಮ್ಮ ಡೈರಿ ಬಿಡಿಸಿದ್ರೆ ಎ4 ಹಾಳೆಯಷ್ಟು, ಉದ್ದ 11.7 ಇಂಚು. ಲೆಕ್ಕ ಹಾಕಿ, ಇಂಚಿಗೆ 137 ಪಿಕ್ಸೆಲ್ ಬಂತು. ಫೋನಲ್ಲಿರೋ ಮೂಲ ಫೋಟೋ 4000 ಪಿಕ್ಸೆಲ್ ಇದ್ರೆ ಇಂಚಿಗೆ ಸುಮಾರು 340. ದೊಡ್ಡದು ಮಾಡಿ ನೋಡಿದಾಗ ಪೆನ್ಸಿಲ್ ಗೆರೆ ಉಳಿಯುತ್ತೋ ಹರಡಿಹೋಗುತ್ತೋ ಅನ್ನೋದು ಇಲ್ಲೇ ತೀರ್ಮಾನ ಆಗೋದು. ಕೇಬಲ್ ಹಾಕಿ ತಗೊಳ್ಳಿ, ಇಲ್ಲಾ ವಾಟ್ಸಾಪಲ್ಲೇ ‘ಡಾಕ್ಯುಮೆಂಟ್’ ಅಂತ ಕಳಿಸಿ.

ಇನ್ನೊಂದು, ಆ ಸ್ಕ್ಯಾನರ್ ಆಪಲ್ಲಿ ಕಪ್ಪು-ಬಿಳುಪು ಫಿಲ್ಟರ್ ಇತ್ತಾ?

ತೋಟದಮನೆ

ಇತ್ತು. ಝೆರಾಕ್ಸ್ ಥರ ಬೆಳ್ಳಗೆ ಚೆಂದ ಕಾಣ್ತಿತ್ತು ಅಂತ ಅದೇ ಹಾಕಿದ್ದೆ. ಈಗ ಡೈರಿ ಪಕ್ಕ ಇಟ್ಟು ನೋಡಿದೆ ಸರ್. 92ರ ಜೂನ್ ಪುಟದಲ್ಲಿ ಪೆನ್ಸಿಲಲ್ಲಿ ‘1 ಇಂಚು 40’ ಅಂತಿದೆ, ಪಿಡಿಎಫಲ್ಲಿ ಆ ಜಾಗ ಖಾಲಿ! ಹಿಂದಿನ ಪುಟದ ಇಂಕು ಮಾತ್ರ ಉಲ್ಟಾ ಅಕ್ಷರದಲ್ಲಿ ಕಪ್ಪಗೆ ಎದ್ದು ಕಾಣ್ತಿದೆ.

ಸಕಲೇಶಪುರ ಘಾಟಿ

ಇದು ನಮ್ಮ ಸೊಸೈಟಿ ಲೆಡ್ಜರ್ ಫೋಟೋ ತೆಗೆದಾಗಲೂ ಆಗಿತ್ತು. ಪುಟದ ಹಿಂದೆ ಕರೀ ಹಾಳೆ ಒಂದು ಇಡಿ. ಮಕ್ಕಳ ಕ್ರಾಫ್ಟ್ ಪೇಪರ್ ಸಾಕು. ಹಿಂಬದಿ ಇಂಕು ಹಾಯ್ದು ಕಾಣೋದು ಅರ್ಧಕ್ಕರ್ಧ ಕಮ್ಮಿ ಆಗುತ್ತೆ. ಹಾಳೆಯ ಹಿಂದೆ ಬಿಳಿ ಇದ್ರೆ ಬೆಳಕು ಅಲ್ಲಿ ತಾಗಿ ವಾಪಸ್ ಬಂದು ಹಿಂದಿನ ಬರಹಾನ ತೋರಿಸುತ್ತೆ, ಕರಿ ಇದ್ರೆ ಆ ಬೆಳಕನ್ನ ನುಂಗಿಬಿಡುತ್ತೆ.

ಫ್ಲ್ಯಾಶ್ ಬೇಡ. ಕಿಟಕಿ ಪಕ್ಕ, ಬೆಳಕು ಎಡಗಡೆಯಿಂದ ಬರೋ ಹಾಗೆ. ಆರಿದ್ರಾ ಮಳೆ ಹೊತ್ತಲ್ಲಿ ನಮ್ಮ ಕಡೆ ಹಗಲು ಹನ್ನೆರಡಕ್ಕೂ ಕಿಟಕಿ ಬೆಳಕು ಸಾಲಲ್ಲ, ಕೈ ನಡುಗಿದ್ದೆಲ್ಲಾ ಮಬ್ಬಾಗುತ್ತೆ. ನಾನು ಎರಡೂ ಕಡೆ ಇಟ್ಟಿಗೆ ಪೇರಿಸಿ ಮೇಲೆ ಗಾಜಿನ ಹಲಗೆ ಇಟ್ಟು, ಅದರ ಮೇಲೆ ಫೋನ್ ಮಲಗಿಸಿ ತೆಗೆದೆ. ಹೆಂಡತಿ ಇನ್ನೂ ಆಡ್ಕೊಂಡು ನಗ್ತಾಳೆ.

ಬೇಲೂರು ಟರ್ಮಿನಲ್

ಘಾಟಿಯವರ ಕರೀ ಹಾಳೆ ಉಪಾಯ ಹದಿನಾರಾಣೆ ಸರಿ. ಫಿಲ್ಟರ್ ಬಗ್ಗೆ: ಕಪ್ಪು-ಬಿಳುಪು ಫಿಲ್ಟರ್ ಒಂದೊಂದು ಚುಕ್ಕಿಗೂ ‘ನೀನು ಕರಿಯೋ ಬಿಳಿಯೋ’ ಅಂತ ಕೇಳುತ್ತೆ, ನಡುವಿನದು ಇಲ್ಲ. ತೆಳು ಪೆನ್ಸಿಲ್ ಬಿಳಿ ಕಡೆ ಹೋಯ್ತು, ಹಿಂಬದಿ ದಪ್ಪ ಇಂಕು ಕರಿ ಕಡೆ ಬಂತು. ನಿಮ್ಮಲ್ಲಿ ಕೆಂಪು ಅಂದ್ರೆ ಮಳೆ ಲೆಕ್ಕ, ಹಾಗಾಗಿ ಬಣ್ಣದಲ್ಲೇ ಇಡಿ. ಮೂಲ ಫೋಟೋಗಳನ್ನ ಮುಟ್ಟಬೇಡಿ, ಬೇರೆ ಫೋಲ್ಡರಲ್ಲಿ ಸಣ್ಣ ಪ್ರತಿ ಮಾಡ್ಕೊಳ್ಳಿ. ಮಗಂಗೆ ಇದನ್ನ ತೋರಿಸಿ, ImageMagick ಮತ್ತು img2pdf ಮೊದಲು ಹಾಕ್ಕೊಳ್ಳಲಿ:

```
mkdir sanna
mogrify -path sanna -auto-orient -resize '2800x2800>' -quality 70 *.jpg
img2pdf --pagesize A4^T sanna/*.jpg -o diary.pdf
```

`-path sanna` ಮರೆತ್ರೆ ಮೂಲ ಫೋಟೋಗಳ ಮೇಲೇ ಬರೆದುಬಿಡುತ್ತೆ, ಹುಷಾರು. `-auto-orient` ಯಾಕೆ ಅಂದ್ರೆ, ಫೋನನ್ನ ಮೇಜಿನ ಮೇಲೆ ಕೆಳಮುಖ ಹಿಡಿದಾಗ ಅದಕ್ಕೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಗೊತ್ತಾಗಲ್ಲ. ತನಗೆ ತೋಚಿದ ದಿಕ್ಕನ್ನ ಫೋಟೋ ಒಳಗೆ ಬರೆದಿಟ್ಟಿರುತ್ತೆ. ಈ ಆಜ್ಞೆ ಆ ದಿಕ್ಕಿಗೆ ಫೋಟೋನ ನಿಜವಾಗಿ ತಿರುಗಿಸುತ್ತೆ. ಫೋನ್ ತಪ್ಪು ದಿಕ್ಕು ಬರೆದಿದ್ರೆ ಅಂಥ ಹತ್ತಿಪ್ಪತ್ತನ್ನ ಕೈಯಲ್ಲೇ ತಿರುಗಿಸಬೇಕು, ಬೇರೆ ದಾರಿ ಇಲ್ಲ.

ತೋಟದಮನೆ (ನಾಲ್ಕು ದಿನ ಆದಮೇಲೆ)

ಮೂರೂ ಡೈರಿ ಮತ್ತೆ ತೆಗೆದೆ. ಕರೀ ಹಾಳೆ ಇಟ್ಟು, ಫಿಲ್ಟರ್ ಇಲ್ದೆ. ಪೆನ್ಸಿಲ್ ಕಾಣುತ್ತೆ! ಪಿಡಿಎಫ್ ಬಂತು, ಸುಮಾರು 190 ಎಂಬಿ. ಇನ್ನು ಆ ಪದ ಕೂರಿಸೋದು ಹೇಳಿ ಸರ್.

ಬೇಲೂರು ಟರ್ಮಿನಲ್

ಸ್ಪ್ರೆಡ್‌ಶೀಟಲ್ಲಿ ಎರಡೇ ಕಾಲಂ. ಮೊದಲನೇದು ಪಿಡಿಎಫ್ ಪುಟದ ಸಂಖ್ಯೆ, ಎರಡನೇದರಲ್ಲಿ ಪದಗಳು, ನಡುವೆ `;` ಹಾಕಿ. ತಲೆಬರಹದ ಸಾಲು ಬೇಡ. ಹೀಗೆ:

```
86,1992-06-10;ಮಳೆ;ಮೃಗಶಿರಾ;ಗೊಬ್ಬರ
88,1992-06-18;ಬೋರ್ಡೋ;ಮೈಲುತುತ್ತ;ಔಷಧಿ
```

ತಾರೀಕನ್ನ ವರ್ಷ-ತಿಂಗಳು-ದಿನ ಅಂತಾನೇ ಹಾಕಿ. ಆಗ `1992-06` ಅಂತ ಹುಡುಕಿದ್ರೆ ಆ ತಿಂಗಳ ಅಷ್ಟೂ ಪುಟ ಒಂದಾದ ಮೇಲೆ ಒಂದು ಬರುತ್ತೆ. ಅಪ್ಪ ‘೧೦/೬’ ಅಂತ ಕನ್ನಡ ಅಂಕಿಯಲ್ಲಿ ಬರೆದಿದ್ರೂ ನೀವು ಇಂಗ್ಲಿಷ್ ಅಂಕಿಯನ್ನೇ ಹಾಕಿ, ಕಂಪ್ಯೂಟರಿಗೆ ೬ ಬೇರೆ, 6 ಬೇರೆ.

ಎಕ್ಸೆಲ್ ಆದ್ರೆ `pada.csv` ಅಂತ ಉಳಿಸುವಾಗ `CSV UTF-8` ಅನ್ನೋದನ್ನೇ ಆರಿಸಿ. ಬರೀ CSV ಅಂತ ಉಳಿಸಿದ್ರೆ ಕನ್ನಡವೆಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತೆ, ಮುಚ್ಚಿ ತೆರೆಯೋವರೆಗೂ ಗೊತ್ತಾಗಲ್ಲ. ಆಮೇಲೆ `pip install pymupdf` ಮಾಡಿ ಇದನ್ನ ಓಡಿಸಿ:

```
import pymupdf, csv, unicodedata
doc = pymupdf.open("diary.pdf")
f = open("pada.csv", encoding="utf-8-sig")
for row in csv.reader(f):
    t = unicodedata.normalize("NFC", row[1])
    doc[int(row[0]) - 1].insert_text(
        (20, 30), t.split(";"), fontsize=8,
        fontname="kn", fontfile="kannada.ttf",
        render_mode=3)
doc.save("diary-huduku.pdf", garbage=3, deflate=True)
```

`render_mode=3` ಅಂದ್ರೆ ಅಕ್ಷರ ಇರಲಿ, ಆದ್ರೆ ಬಣ್ಣ ಬಳಿಯಬೇಡ ಅಂತ. `kannada.ttf` ಜಾಗದಲ್ಲಿ ಯಾವುದಾದರೂ ಯೂನಿಕೋಡ್ ಕನ್ನಡ ಫಾಂಟ್ ಇಡಿ, ಆದ್ರೆ ಅದರಲ್ಲಿ ಇಂಗ್ಲಿಷ್ ಅಂಕಿಗಳೂ ಇರಬೇಕು. ಇಲ್ಲದಿದ್ರೆ ಪದ ಸಿಗುತ್ತೆ, ತಾರೀಕು ಸಿಗಲ್ಲ.

ಕಡೂರು ತೆಂಗು

ಒಂದು ಡೌಟು. ಈ ಥರ ಮಾಡಿದ್ರೆ ಒತ್ತಕ್ಷರ ಕೂಡಲ್ಲ, ‘ಬೋರ್ಡೋ’ ಹೋಗಿ ‘ಬೋರ್ ಡೋ’ ಥರ ಬಿಡಿಬಿಡಿ ಬೀಳುತ್ತೆ ಅಂತ ಓದಿದ್ದೆ. ವರ್ಡಲ್ಲಿ ಬಿಳಿ ಬಣ್ಣದಲ್ಲಿ ಟೈಪ್ ಮಾಡಿ ಫೋಟೋ ಹಿಂದೆ ಇಟ್ರೆ ಸುಲಭ ಅಲ್ವಾ?

ಬೇಲೂರು ಟರ್ಮಿನಲ್

ಒಳ್ಳೇ ಪ್ರಶ್ನೆ. ಕಣ್ಣಿಗೆ ಕಾಣೋ ಹಾಗಿದ್ರೆ ನೀವು ಹೇಳಿದ್ದು ನಿಜ, ಅಸಹ್ಯವಾಗಿ ಕಾಣುತ್ತೆ. ಆದ್ರೆ ಇಲ್ಲಿ ಕಾಣೋದೇ ಇಲ್ಲವಲ್ಲ. ಹುಡುಕಾಟಕ್ಕೆ ಬೇಕಾದದ್ದು ಬ, ಓ ಸ್ವರ, ರ, ವಿರಾಮ, ಡ, ಮತ್ತೆ ಓ ಸ್ವರ ಇವು ನಾವು ಟೈಪ್ ಮಾಡಿದ ಕ್ರಮದಲ್ಲೇ ಇರೋದು. ಒತ್ತು ಕೂಡಿಸದೇ ಇಟ್ರೆ ಆ ಕ್ರಮ ಹಾಗೇ ಉಳಿಯುತ್ತೆ. ವರ್ಡ್ ಅಕ್ಷರಾನ ಚೆಂದ ಕೂಡಿಸಿ ಪಿಡಿಎಫ್ ಮಾಡುತ್ತೆ, ಕೂಡಿಸೋ ಭರದಲ್ಲಿ ಅರ್ಕಾವತ್ತು ಹಿಂದೆ ಮುಂದೆ ಆಗಿರುತ್ತೆ. ಯಾವುದಾದರೂ ಕನ್ನಡ ಪಿಡಿಎಫಿಂದ ಒಂದು ಪ್ಯಾರಾ ಕಾಪಿ ಮಾಡಿ ಅಂಟಿಸಿ ನೋಡಿ, ‘ರ್ಡ’ ಇರೋ ಪದಗಳ ಗತಿ ಏನಾಗಿರುತ್ತೆ ಅಂತ.

ತೋಟದಮನೆ

ಸರ್, ಕೆಲಸ ಮಾಡ್ತು!! ‘ಬೋರ್ಡೋ’ ಅಂದ್ರೆ 11 ಕಡೆ ಸಿಕ್ತು.

ಒಂದು ಎಡವಟ್ಟೂ ಆಯ್ತು, ಬೇರೆಯವರಿಗೆ ಆಗದಿರಲಿ ಅಂತ ಹೇಳ್ತೀನಿ. 60ನೇ ಪುಟದ ಹತ್ರ ಒಂದು ಫೋಟೋ ಮಬ್ಬಾಗಿತ್ತು, ಅದನ್ನ ಅಳಿಸಿ ಹೊಸದು ತೆಗೆದೆ. ಹೊಸದರ ಹೆಸರಲ್ಲಿ ಹೊಸ ತಾರೀಕು ಇರೋದ್ರಿಂದ ಅದು ಪಿಡಿಎಫ್ ಕೊನೆಗೆ ಹೋಗಿ ಕೂತಿದೆ. ನಾನು ಪದಗಳನ್ನ ಡೈರಿ ನೋಡ್ಕೊಂಡು ಟೈಪ್ ಮಾಡಿದ್ದೆ. ಹಾಗಾಗಿ 60ರಿಂದ ಆಚೆ ಎಲ್ಲಾ ಒಂದೊಂದು ಪುಟ ಜಾರಿಹೋಯ್ತು. ‘ಮರಗಸಿ’ ಹುಡುಕಿದ್ರೆ ಮರಗಸಿಯ ಮುಂದಿನ ಪುಟ ತೆರೀತಿತ್ತು. ಮೊದಲು ಅಪ್ಪನೇ ತಪ್ಪು ಪುಟದಲ್ಲಿ ಬರೆದಿದ್ದಾರೆ ಅಂದ್ಕೊಂಡು ಸುಮ್ನೆ ಅವರನ್ನ ಬೈದೆ.

ಎಲ್ಲಾ ಫೋಟೋಗೆ 001, 002 ಅಂತ ಹೆಸರು ಹಾಕಿ, ಪಿಡಿಎಫ್ ಮತ್ತೆ ಮಾಡಿ, ಈ ಸಲ ಪಿಡಿಎಫ್ ಪುಟ ನೋಡ್ಕೊಂಡೇ ಪಟ್ಟಿ ಸರಿಮಾಡಿದೆ. ಗಂಟೆಗೆ 25 ಪುಟದ ಹಾಗೆ ಒಟ್ಟು ಎಂಟೂವರೆ ಗಂಟೆ ಹಿಡೀತು.

ಪಿಯು ಮೇಷ್ಟ್ರು

ಹುಡುಕಿದ ಪದ ಡೈರಿಯಲ್ಲಿ ಎಲ್ಲಿದೆಯೋ ಅಲ್ಲೇ ಹಳದಿ ಬಣ್ಣ ಬರುತ್ತಾ?

ತೋಟದಮನೆ

ಇಲ್ಲ ಸರ್, ಎಲ್ಲಾ ಪುಟದಲ್ಲೂ ಎಡಗಡೆ ಮೇಲಿನ ಮೂಲೇಲಿ ಖಾಲಿ ಜಾಗ ಹಳದಿ ಆಗುತ್ತೆ. ಪುಟ ಸಿಕ್ಕಿದ ಮೇಲೆ ಕಣ್ಣಾಡಿಸಿದ್ರೆ ಆಯ್ತಲ್ಲ.

ಸಕಲೇಶಪುರ ಘಾಟಿ

ರೊಬಸ್ಟಾ ನೆಟ್ಟ ವರ್ಷ ಸಿಕ್ತಾ ಇಲ್ವಾ, ಅದನ್ನ ಹೇಳಿ ತಾಯಿ.

ತೋಟದಮನೆ

ಸಿಕ್ತು, ಆದ್ರೆ ಸುಲಭಕ್ಕೆ ಅಲ್ಲ. ‘ಕೆರೆ’ ಅಂತ ಹುಡುಕಿದ್ರೆ ಬರೀ ಹೂಳೆತ್ತಿದ್ದು ಬರ್ತಿತ್ತು. ಅಪ್ಪ ಆ ಜಾಗಾನ ಎಲ್ಲೂ ‘ಕೆರೆ ಹಿಂದೆ’ ಅಂತ ಬರೆದೇ ಇಲ್ಲ, ‘ಹೊಸ ತೋಟ’ ಅಂತಾನೇ ಬರೀತಿದ್ರು. ನಾವು ಕೆರೆ ಹಿಂದೆ ಅನ್ನೋಕೆ ಶುರು ಮಾಡಿದ್ದು ಆಮೇಲೆ. ಅಮ್ಮನ್ನ ಕೇಳಿದ ಮೇಲೆ ಗೊತ್ತಾಯ್ತು. 1992 ಜೂನ್ 14, ಪುಟ 87. ‘ಹೊಸ ತೋಟದಲ್ಲಿ ನಾಟಿ ಶುರು, 9 ಆಳು.’

ಬೇಲೂರು ಟರ್ಮಿನಲ್

ಇದು ಯಾವ ಸಾಫ್ಟ್‌ವೇರಿಗೂ ಗೊತ್ತಾಗದ ವಿಷಯ. ಡೈರಿ ಪೂರ್ತಿ ತಪ್ಪಿಲ್ಲದೆ ಓದಿದ್ರೂ ‘ಕೆರೆ ಹಿಂದೆ’ ಸಿಗ್ತಿರಲಿಲ್ಲ. ಅದಕ್ಕೇ ಪಟ್ಟಿಯಲ್ಲಿ ಎರಡೂ ಇರಲಿ: ಅಪ್ಪ ಬರೆದ ಪದ, ಈಗ ಮನೆಯಲ್ಲಿ ಆಡೋ ಪದ. ‘ಹೊಸ ತೋಟ’ ಇರೋ ಸಾಲಿಗೆಲ್ಲ ‘ಕೆರೆ ಹಿಂದೆ’ ಸೇರಿಸಿ, ಸ್ಕ್ರಿಪ್ಟ್ ಇನ್ನೊಮ್ಮೆ ಓಡಿಸಿ. ಓಡಿಸುವಾಗ ಮೂಲ diary.pdf ಮೇಲೇ ಓಡಿಸಿ, ಪದ ಕೂರಿಸಿದ್ದರ ಮೇಲೆ ಮತ್ತೆ ಕೂರಿಸಿದ್ರೆ ಎಲ್ಲಾ ಎರಡೆರಡು ಸಲ ಸಿಗುತ್ತೆ. ಪದಗಳನ್ನ ವಿಭಕ್ತಿ ಇಲ್ದೆ ಮೂಲ ರೂಪದಲ್ಲಿ ಹಾಕಿ, ‘ಎಸ್ಟೇಟ್‌ನಲ್ಲಿ’ ಅಂತ ಬೇಡ, ‘ಎಸ್ಟೇಟ್’ ಸಾಕು. ಆ ‘ಟ್’ ಮತ್ತು ‘ನ’ ನಡುವೆ ಕಾಣದ ಚಿಹ್ನೆ ಒಂದು ಇರುತ್ತೆ, ಒಂದು ಕೀಬೋರ್ಡ್ ಹಾಕುತ್ತೆ, ಇನ್ನೊಂದು ಹಾಕಲ್ಲ, ಹುಡುಕಾಟ ಅಲ್ಲೇ ತಪ್ಪುತ್ತೆ.

ಹಾಸನ ಡಿಟಿಪಿ

ಬರೀ ಈ ಪದಗಳ ಪಟ್ಟಿ ಟೈಪ್ ಮಾಡಿಕೊಡೋದೂ ಮಾಡ್ತೀವಿ ಮೇಡಂ. ಯೂನಿಕೋಡಲ್ಲೇ 😊

ಕಡೂರು ತೆಂಗು

ಅಕ್ಕ, ಆಳುಗಳ ಹೆಸರು, ಯಾರು ಎಷ್ಟು ಸಾಲ ತಗೊಂಡಿದ್ರು ಅನ್ನೋದೂ ಇರುತ್ತಲ್ಲ ಡೈರಿಯಲ್ಲಿ. ಹುಡುಕೋ ಹಾಗೆ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ಟೀರ.

ತೋಟದಮನೆ

ಹೌದು ಅಣ್ಣ, ಅದಕ್ಕೇ ಹೆಸರು ಯಾವುದನ್ನೂ ಪಟ್ಟಿಗೆ ಸೇರಿಸಿಲ್ಲ. ಆದ್ರೂ ಪುಟದಲ್ಲಿ ಕಾಣುತ್ತೆ, ಅಣ್ಣಂಗೆ ಮಾತ್ರ ಕೊಡ್ತೀನಿ.

ಒಂದು ಉಳಿದಿದೆ. ಲ್ಯಾಪ್‌ಟಾಪಲ್ಲಿ ಎಲ್ಲಾ ಸಿಗುತ್ತೆ. ಅಣ್ಣನ ಫೋನಲ್ಲಿ ‘ಮಳೆ’, ‘ನಾಟಿ’ ಸಿಗುತ್ತೆ, ‘ಬೋರ್ಡೋ’ ಸಿಗಲ್ಲ. ಅದೇ ಫೈಲ್!

ಬೇಲೂರು ಟರ್ಮಿನಲ್

ಆ ಫೋನಲ್ಲಿ ಪದವನ್ನ ಕಾಪಿ ಮಾಡಿ ಅಂಟಿಸಿ ನೋಡಿ, ಏನು ಬರುತ್ತೆ ಹೇಳಿ. ‘ಬೋರ್ಡೋ’ ಅಂತಾನೇ ಬಂದ್ರೆ ಅವರ ಕೀಬೋರ್ಡ್ ಮೇಲೆ ಅನುಮಾನ, ‘ಬೋರ್’ ಆದಮೇಲೆ ಜಾಗ ಬಂದ್ರೆ ಪಿಡಿಎಫ್ ತೆರೆಯೋ ಆಪ್ ಮೇಲೆ. ಬೇರೆ ಆಪಲ್ಲಿ ತೆರೆದೂ ನೋಡಿ. ಅಲ್ಲಿವರೆಗೂ ‘ಮೈಲುತುತ್ತ’ ಅಂತ ಹುಡುಕಲಿ, ಹ್ಯಾಗೂ ಪಟ್ಟಿಯಲ್ಲಿದೆ.

ತೋಟದಮನೆ

ಅದು ಸಿಕ್ತು. ಕಾಪಿ ಮಾಡೋದು ಅಣ್ಣಂಗೆ ಬರ್ತಿಲ್ಲ, ಭಾನುವಾರ ಬರ್ತಾನೆ, ನಾನೇ ನೋಡಿ ಹಾಕ್ತೀನಿ.